ವಾರವಿಡೀ ಬೋಲ್ಟು, ಭಾನುವಾರ ನೆರಿಗೆ

ಚೆನ್ನೈಯ ಅಂಬತ್ತೂರಿನ ಫ್ಯಾಕ್ಟರಿಯೊಂದರಲ್ಲಿ ಬೋಲ್ಟುಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಹೆಂಡತಿಯ ತಂಗಿಯ ಮದುವೆಯಲ್ಲಿ ಸೀರೆ ಉಡಿಸಬೇಕಿದ್ದವಳು ಕೈಕೊಟ್ಟಾಗ, ಮೊಬೈಲಿನಲ್ಲಿ ವಿಡಿಯೊ ನೋಡಿ ನಾನೇ ನೆರಿಗೆ ಹಿಡಿದು ಇಸ್ತ್ರಿ ಹಾಕಿಕೊಟ್ಟೆ. ಒಂದು ನೆರಿಗೆಯೂ ಅಗಲ ತಪ್ಪಿರಲಿಲ್ಲ. ಅಂದಿನಿಂದ ನಂಟರು ನೆರಿಗೆಗೆಂದು ಸೀರೆ ತರತೊಡಗಿದರು, ಆಮೇಲೆ ಟಿ. ನಗರದಲ್ಲಿ ಸೀರೆ ಕೊಂಡು ನೇರ ನಮ್ಮ ಮನೆಗೇ ಬರುವ ಅಪರಿಚಿತರು. ಶನಿವಾರ, ಭಾನುವಾರ ಅದೇ ಕೆಲಸ. ಫ್ಯಾಕ್ಟರಿಯಲ್ಲಿ, "ರಜಾದಿನ ಬಟ್ಟೆ ವ್ಯಾಪಾರ" ಎಂದಷ್ಟೇ ಹೇಳಿ ಒಪ್ಪಿಗೆ ಪಡೆದಿದ್ದೆ.

ಒಮ್ಮೆ ಉದ್ದ ಸರಿಯಿದೆಯೇ ನೋಡಲು ಹಸಿರು ರೇಷ್ಮೆ ಸೀರೆಯನ್ನು ನಾನೇ ಉಟ್ಟು ಕನ್ನಡಿಯ ಮುಂದೆ ನಿಂತಿದ್ದೆ. ತೆರೆದಿದ್ದ ಬಾಗಿಲಿನಿಂದ ಎದುರುಮನೆಯ ಮಾಮಿ ಮೊಸರಿನ ಬಟ್ಟಲು ಹಿಡಿದು ಒಳಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ರೊಂಬ ಚೆನ್ನಾಗಿದೆ. ಆದ್ರೆ ಸೆರಗು ಸ್ವಲ್ಪ ಗಿಡ್ಡ ಆಯ್ತು!"

ಮರುವಾರ ಅವರೂ ಸೀರೆ ತಂದರು.

ಮುಹೂರ್ತದ ತಿಂಗಳಲ್ಲಿ ಮನೆ ಸೀರೆಗಳಿಂದ ತುಂಬಿತು. ರಾಜೀನಾಮೆ ಕೊಡುತ್ತೇನೆ ಎಂದೆ. ಬ್ಯಾಂಕಿನಲ್ಲಿರುವ ನನ್ನ ಹೆಂಡತಿ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ.

"ಮದುವೆ ಸೀಸನ್‌ನಲ್ಲಿ ಯಾರಿಗೆ ಬೇಕಾದ್ರೂ ಗಿರಾಕಿ ಬರ್ತಾರೆ ರೀ. ಆಡಿ ಮಾಸ ಬರ್ಲಿ, ಮದುವೆ ಇಲ್ಲದಾಗ ಯಾರು ಬರ್ತಾರೆ ನೋಡೋಣ. ಅರ್ಧ ವರ್ಷದ ಮನೆ ಖರ್ಚೂ ಕೈಯಲ್ಲಿರ್ಲಿ."

ಆಡಿಯ ಮೊದಲ ಶನಿವಾರ ಯಾರೂ ಬರಲಿಲ್ಲ. ಕೈ ಸುಮ್ಮನಿರದೆ ಕಿಟಕಿಯ ಪರದೆಗೆ ನೆರಿಗೆ ಹಿಡಿದೆ. ಮರುವಾರ ಒಬ್ಬ ಶಾಲಾ ಟೀಚರ್ ವಾರಕ್ಕೆ ಬೇಕಾದ ಕಾಟನ್ ಸೀರೆಗಳನ್ನೆಲ್ಲ ತಂದರು. ಅವರ ಹಿಂದೆಯೇ ಇಡೀ ಸ್ಟಾಫ್ ರೂಮು ಬಂತು, ಪ್ರತಿವಾರವೂ ಬಂತು. ಆಡಿ ಮುಗಿದು ಮದುವೆಗಳೂ ಶುರುವಾದಾಗ ಎರಡು ದಿನ ಸಾಲಲಿಲ್ಲ. ಬಂದವರನ್ನು ವಾಪಸು ಕಳಿಸತೊಡಗಿದೆ. ಇದ್ದ ರಜೆಗಳೆಲ್ಲ ನೆರಿಗೆಗೇ ಖರ್ಚಾದವು.

ಆಗಲೇ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ಬೋಲ್ಟಿನ ನಕ್ಷೆಯಿತ್ತು. ಮೈಮರೆತು ಅದನ್ನು ಸಮ ನೆರಿಗೆಗಳಾಗಿ ಮಡಚಿ ಕ್ಲಿಪ್ಪು ಹಾಕಿಟ್ಟಿದ್ದೆ.

"ಏನಪ್ಪಾ ಇದು?" ಎಂದರು ತಮಿಳಿನಲ್ಲಿ.

ಎಲ್ಲವನ್ನೂ ಹೇಳಿಬಿಟ್ಟೆ. ಅವರು ಎದ್ದು ಬಾಗಿಲು ಹಾಕಿದರು. ಕೆಲಸ ಹೋಯಿತು ಎಂದುಕೊಂಡೆ.

"ಮಗಳ ಮದುವೆ ಇದೆ. ಮನೆಯವಳ ಸೀರೆಗಳಿವೆ. ಗುರುವಾರ ಬರ್ತೀಯಾ?"

"ಗುರುವಾರ ಡ್ಯೂಟಿ ಸಾರ್. ರಜೆ ಮುಗಿದಿದೆ."

"ಹಾಗಾದ್ರೆ ನಾನು ಹೇಗೆ ರಜೆ ಕೊಡ್ಲಿ?" ಎಂದು ತಲೆ ಕೆರೆದುಕೊಂಡರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಂಜೆ ಹೆಂಡತಿಗೆ ಇದನ್ನು ಹೇಳಿದೆ. ಅವಳು ನೆರಿಗೆ ಹಿಡಿದ ಪರದೆಯತ್ತ ನೋಡಿ, "ಈಗ ಕೆಲಸ ಬಿಡಿ. ಸಂಬಳ ನಂದಿದೆ, ಕೂಡಿಟ್ಟಿದ್ದೂ ಇದೆ, ಗಿರಾಕಿಗಳು ಕಾಯ್ತಿದ್ದಾರೆ," ಎಂದಳು.

ರಾಜೀನಾಮೆ ಕೊಟ್ಟೆ. ನೋಟಿಸ್ ಅವಧಿ ಪೂರ್ತಿ ದುಡಿದು, ಹೊಸಬನಿಗೆ ಕೆಲಸ ಕಲಿಸಿ ಹೊರಬಂದೆ. ಮ್ಯಾನೇಜರ್ ಮಗಳ ಮದುವೆಗೆ ಇನ್ನೂ ಸಮಯವಿತ್ತು. ಕೆಲಸ ಬಿಟ್ಟ ಮರುದಿನ, ಗುರುವಾರವೇ, ಅವರ ಮನೆಯ ಸೀರೆಗಳು ಸಿದ್ಧವಾದವು.

ಮೊದಲ ಸೋಮವಾರ ಬೆಳಿಗ್ಗೆ ನಡುಮನೆಯ ತುಂಬ ಶಾಲೆಗೆ ಹೊರಟ ಟೀಚರುಗಳು. ಬ್ಯಾಂಕಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, "ನನ್ನ ಸೀರೆಗೆ ಯಾವಾಗ್ರೀ ನೆರಿಗೆ?"

"ಬುಧವಾರ ಬನ್ನಿ ಮೇಡಂ," ಎಂದೆ.

ಅವಳು ಚೂಡಿದಾರದಲ್ಲೇ ಹೋದಳು.