ಗೋಡೆ ಮೇಲಿನ ಸೋಲಾರ್ ಪ್ಲೇಟು

ನಾನು ಚನ್ನಪಟ್ಟಣದಲ್ಲಿ ಗೋಡೆ ಬರೆದು ಹೊಟ್ಟೆ ಹೊರೆದವನು. ಫ್ಲೆಕ್ಸ್ ಮೆಷಿನ್ನು ಊರಿಗೆ ಬಂದು ನಮ್ಮ ಬ್ರಷ್ಷುಗಳೆಲ್ಲ ಒಣಗುತ್ತಿದ್ದ ಕಾಲ. ಅಂಥದ್ದರಲ್ಲಿ ಸೋಲಾರ್ ದೀಪದ ಅಂಗಡಿಯವರೊಬ್ಬರು ಕರೆದು, ಹಳ್ಳಿಗಳ ಬಸ್‌ಸ್ಟಾಪಿನಲ್ಲಿ ಒಂಬತ್ತು ಗೋಡೆ ಬರೆಯಲು ಹೇಳಿದರು. ನನ್ನ ಜಂಬ ಕೇಳಬೇಕೆ!

ಮೊದಲ ಗೋಡೆ ವಿರೂಪಾಕ್ಷಿಪುರದ ಹತ್ತಿರದ ಒಂದು ಹಳ್ಳಿಯದು. ನಮ್ಮ ಕಸುಬಿನಲ್ಲಿ ಸೂರ್ಯ ಅಂದರೆ ಎರಡು ಬೆಟ್ಟದ ನಡುವೆ ಹುಟ್ಟಲೇಬೇಕು. ಹಾಗೇ ಬರೆದೆ. ಮುಂದೆ ಒಂದು ತಾರಸಿ ಮನೆ, ಅದರ ಮೇಲೆ ರಸ್ತೆಗೆ ಮುಖ ಮಾಡಿ ಕನ್ನಡಿಯಂತೆ ನೆಟ್ಟಗೆ ನಿಂತ ಪ್ಲೇಟು. ಕಬ್ಬಿಣದ ಕಾಲು ಬರೆದರೆ ಅಂದ ಕೆಡುತ್ತದೆಂದು ಬಿಟ್ಟುಬಿಟ್ಟೆ.

ಅಂಗಡಿಯ ಫಿಟ್ಟರ್ ಒಬ್ಬ ಭಾಯ್. ಮೊದಲು ಗೊಂಬೆ ಕಾರ್ಖಾನೆಯಲ್ಲಿ ಕಡೆಯುವ ಕೆಲಸ ಮಾಡುತ್ತಿದ್ದವನು, ಮೆದು ಮಾತಿನವನು. ಗೋಡೆ ನೋಡಿ, ಸೂರ್ಯ ಪ್ಲೇಟಿನ ಬೆನ್ನಿಗಿದ್ದಾನಲ್ಲ ಅಣ್ಣ, ನಿಲ್ಲೋಕೆ ಕಾಲೂ ಇಲ್ಲವಲ್ಲ ಅಂದ. ನನಗೆ ಪಿತ್ತ ನೆತ್ತಿಗೇರಿತು. ನೀನು ನಟ್ಟು ತಿರುಗಿಸು, ಚಿತ್ರ ನನಗೆ ಬಿಡು ಅಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಕ್ರಾಂತಿ ಹೊತ್ತಿಗೆ ಭಾಯ್‌ನನ್ನು ಕೆಲಸದಿಂದ ತೆಗೆದರೆಂದು ಗೊತ್ತಾಯಿತು. ಅದೇ ಹಳ್ಳಿಯಲ್ಲಿ ಅವನು ಪ್ಲೇಟು ಕೂರಿಸಿದ್ದ ರೇಷ್ಮೆ ಬೆಳೆಗಾರರೊಬ್ಬರ ಮನೆಯಲ್ಲಿ ದೀಪ ಅರ್ಧ ಗಂಟೆಗೇ ಮಂಕಾಗುತ್ತಿತ್ತಂತೆ. ಅಂಗಡಿ ಯಜಮಾನರು ಹೋಗಿ ನೋಡಿದರೆ ಪ್ಲೇಟು ಉತ್ತರಕ್ಕೆ ಮುಖ ಮಾಡಿ ಕಡಿದಾಗಿ ನಿಂತಿದೆ. ನಾನು ಹಾಗೆ ಕೂರಿಸಿಲ್ಲ ಎಂದು ಭಾಯ್ ಆಣೆ ಇಟ್ಟರೂ ಅವರು ನಂಬಲಿಲ್ಲ.

ಪಕ್ಕದ ಹಳ್ಳಿಯಲ್ಲಿ ಎರಡನೇ ಗೋಡೆಗೆ ಜಾಗ ನೋಡಿ ಬರುವಾಗ ಆ ಮನೆಯಲ್ಲೇ ನೀರು ಕೇಳಿದೆ. ಚೊಂಬು ಕೊಟ್ಟ ಮನೆಯಾಕೆ ನನ್ನ ಕೈಯ ಬಣ್ಣ ನೋಡಿ ಗುರುತು ಹಿಡಿದರು.

"ನೀವ್ ಬರ್ದಿರೋದು ನೋಡಿ ನಮ್ಮನೆಯವ್ರೇ ಪ್ಲೇಟು ತಿರುಗ್ಸುದ್ರು ಕಣಣ್ಣ. ಭಾಯ್ ಇಟ್ಟಿದ್ದು ಮಲಗ್ದಂಗಿತ್ತು, ರಸ್ತೆಗೆ ಕಾಣ್ತಿರ್ಲಿಲ್ಲ. ಹೇಳುದ್ರೆ ಗ್ಯಾರಂಟಿ ಹೋಯ್ತದೆ ಅಂತ ಸುಮ್ಕಿದ್ದೀವಿ."

ಅವರ ರಸ್ತೆ ಮನೆಯ ಉತ್ತರಕ್ಕಿತ್ತು. ಸ್ಟ್ಯಾಂಡನ್ನು ಬಿಚ್ಚಿ, ವೆಲ್ಡಿಂಗ್ ಅಂಗಡಿಯಲ್ಲಿ ಹಿಂಗಾಲು ಉದ್ದ ಮಾಡಿಸಿ, ನನ್ನ ಚಿತ್ರದ ಹಾಗೇ ನಿಲ್ಲಿಸಿದ್ದರು. ಬಾಯಿಬಿಟ್ಟರೆ ಉಳಿದ ಎಂಟು ಗೋಡೆ ಕೈತಪ್ಪುತ್ತವೆ. ಸುಮ್ಮನಿದ್ದರೆ ಭಾಯ್‌ನ ಅನ್ನ ಹೋಗುತ್ತದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಇಳಿದವನು ನೇರ ಅಂಗಡಿಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಯಜಮಾನರು ಲೆಕ್ಕದ ಪುಸ್ತಕ ಮುಚ್ಚಿದರು. ಪ್ಲೇಟನ್ನು ಭಾಯ್ ಮೊದಲಿನಂತೆ ಕೂರಿಸಲಿ, ಮೂರು ದಿನ ದೀಪ ಸರಿಯಾಗಿ ಉರಿದರೆ ಅವನ ವಿಷಯ ನೋಡೋಣ, ಗೋಡೆಯನ್ನು ಮಾತ್ರ ನಿನ್ನ ಖರ್ಚಿನಲ್ಲೇ ತಿದ್ದು ಅಂದರು.

ಭಾಯ್ ಮನೆಗೆ ಹೋಗಿ ಎಲ್ಲ ಹೇಳಿ ಕೈಮುಗಿದೆ. ಅವನು ನನ್ನನ್ನು ಬೈಯಲಿಲ್ಲ, ಕೆಲಸದ ಮಾತೂ ಎತ್ತಲಿಲ್ಲ. ಆ ಮನೆಯವರು ಇಷ್ಟು ದಿನ ರಾತ್ರಿ ಹುಳುವಿಗೆ ಸೊಪ್ಪು ಹಾಕೋಕೆ ಬೆಳಕಿಗೆ ಏನು ಮಾಡಿದರು ಎಂದು ಕೇಳಿದ.

ಮಾರನೆಯ ದಿನ ತಾರಸಿ ಹತ್ತಿ ಅವನ ಪಕ್ಕ ಕೂತು ನೋಡಿದೆ. ಪ್ಲೇಟಿನ ಮುಖ ದಕ್ಷಿಣಕ್ಕೆ. ಮುಂಗಾಲು ಗಿಡ್ಡ, ಹಿಂಗಾಲು ಉದ್ದ. ನಾಲ್ಕಡಿ ಪ್ಲೇಟಿಗೆ ಒಂದಡಿಯಷ್ಟೇ ಏರು, ನಮ್ಮ ಸೀಮೆಗೆ ಅಷ್ಟು ಸಾಕಂತೆ, ಮಳೆಗೆ ಧೂಳೂ ಜಾರಿಹೋಗುತ್ತದಂತೆ. ಕಾಲುಗಳನ್ನು ಕಾಂಕ್ರೀಟಿಗೆ ಬೋಲ್ಟಿನಲ್ಲಿ ಬಿಗಿದ. ಅಡಿಯಲ್ಲಿ ಗಾಳಿಯಾಡಲು ಜಾಗ ಬಿಟ್ಟ. ಸೂರ್ಯ ದಕ್ಷಿಣಕ್ಕಿದ್ದುದರಿಂದ ಮಧ್ಯಾಹ್ನದ ನೆರಳು ಉತ್ತರಕ್ಕೆ ಬಿದ್ದಿತ್ತು.

ಗೋಡೆಗೆ ಸುಣ್ಣ ಬಳಿದು ಮತ್ತೆ ಶುರುಮಾಡಿದೆ. ಅಲ್ಲೊಂದು ಪೇಚು. ಗೋಡೆ ನೋಡುವವರ ಕಡೆ ಪ್ಲೇಟು ಮುಖ ಮಾಡಿದರೆ ಸೂರ್ಯನೂ ಅವರ ಬೆನ್ನ ಹಿಂದಿರಬೇಕು, ಚಿತ್ರದಲ್ಲಿ ಬರುವಂತಿಲ್ಲ. ಸೂರ್ಯನಿಲ್ಲದ ಸೋಲಾರ್ ಜಾಹೀರಾತನ್ನು ಯಜಮಾನರು ಒಪ್ಪುತ್ತಾರೆಯೇ? ಕೊನೆಗೆ ಮನೆಯನ್ನು ಪೂರ್ವದ ಪಕ್ಕದಿಂದ ಬರೆದೆ. ಎಡಕ್ಕೆ, ಅಂದರೆ ದಕ್ಷಿಣಕ್ಕೆ, ಮೇಲೆ ಸೂರ್ಯ, ಅವನ ಕಡೆಗೆ ಬಾಗಿದ ಪ್ಲೇಟು, ಬಲಕ್ಕೆ ನೆರಳು. ಬೆಟ್ಟಗಳನ್ನು ಕೈಬಿಟ್ಟೆ, ಸಂಕಟವಾಯಿತು, ಸುಳ್ಳೇಕೆ ಹೇಳಲಿ.

ಮೂರನೇ ದಿನ ಭಾಯ್ ಏಣಿ ಹತ್ತಿ ಚಿತ್ರವನ್ನು ಗೇಣು ಹಾಕಿ ಅಳೆಯುತ್ತಿದ್ದ. ಯಜಮಾನರು ಆ ಮನೆಗೆ ಹೋಗಿ ಬಂದು ಕೆಳಗೆ ಸ್ಕೂಟರು ನಿಲ್ಲಿಸಿದರು.

"ದೀಪ ಚೆನ್ನಾಗಿ ಉರೀತೈತೆ ಭಾಯ್. ತಪ್ಪು ನಂದು. ನಾಳೆಯಿಂದ ಕೆಲಸಕ್ಕೆ ಬಂದ್ಬುಡು. ಇನ್ಮೇಲೆ ಎಲ್ಲಾ ಗೋಡೇನೂ ನೀನ್ ನೋಡಿದ್ಮೇಲೇ ಮುಗಿಸ್ಲಿ ಇವ್ನು."

ಭಾಯ್ ಏಣಿಯಿಂದ ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ.

"ಬತ್ತೀನಿ ಸಾರ್, ಒಸಿ ತಡೀರಿ. ಹಿಂಗಾಲಿಗೆ ನಟ್ಟು ಬರ್ದಿಲ್ಲ ಇವ್ರು. ಹಿಂಗೇ ಬಿಟ್ರೆ ಗಾಳಿಗೆ ಹೊಂಟೋಯ್ತದೆ."

ನಾನು ಕಪ್ಪು ಬಣ್ಣದಲ್ಲಿ ಸಣ್ಣ ಬ್ರಷ್ ಅದ್ದಿ ಮೇಲಕ್ಕೆ ಚಾಚಿದೆ. ಆ ನಟ್ಟನ್ನು ಭಾಯೇ ಬರೆದ.