ಟೇಪ್ ಅಂಟಿಸಿದ ಕೆಂಪು ದೀಪ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದ ಆಕೆಗೆ ಡ್ರೈವರು, ಕಂಡಕ್ಟರುಗಳೆಲ್ಲ ಸೇರಿ ಇಟ್ಟ ಹೆಸರು ವೇಳಾಪಟ್ಟಿ ಅಕ್ಕ. ಇಪ್ಪತ್ತೇಳು ವರ್ಷ ಅದೇ ಕಿಟಕಿ, ಅದೇ ಕುರ್ಚಿ. ಗೋಡೆಯ ಮೇಲಿನ ಬೋರ್ಡು ತಪ್ಪಿದರೂ ಅಕ್ಕ ತಪ್ಪುತ್ತಿರಲಿಲ್ಲ. ಯಾವ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರೆ ತಲೆಯನ್ನೂ ಎತ್ತದೆ ನಿಮಿಷದ ಸಮೇತ ಹೇಳುವವಳು. ಸುಮಾರು, ಹೆಚ್ಚುಕಮ್ಮಿ ಎಂಬ ಮಾತುಗಳು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಮನೆಯಲ್ಲೂ ಹಾಗೆಯೇ. ಹಾಲು ಯಾವಾಗ ಉಕ್ಕಿತು ಎಂದರೆ ಏಳು ಹನ್ನೆರಡಕ್ಕೆ ಎನ್ನುತ್ತಿದ್ದಳು. ಗಂಡ ಇದನ್ನು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ.

ಕಿವಿ ಮಂದವಾಗತೊಡಗಿದ್ದು ನಲವತ್ತೆಂಟರಲ್ಲಿ. ಹಗಲೆಲ್ಲ ಹಾರ್ನು, ಇಂಜಿನ್ನು, ಧ್ವನಿವರ್ಧಕಗಳ ನಡುವೆ ಕೂತವಳಿಗೆ ಅದೇನು ಅಚ್ಚರಿಯಲ್ಲ. ಎರಡೂ ಕಿವಿಗೆ ಮಷೀನು ಬಂತು, ಜೊತೆಗೆ ಅಂಗೈಯಗಲದ ಒಂದು ಡಬ್ಬಿ. ರಾತ್ರಿ ಮಷೀನುಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರೆ ಬೆಳಿಗ್ಗೆಗೆ ಚಾರ್ಜ್ ಆಗಿರುತ್ತಿದ್ದವು. ಡಬ್ಬಿಯ ಹೊಟ್ಟೆಯಲ್ಲೇ ಬ್ಯಾಟರಿ. ಆ ಬ್ಯಾಟರಿಗೆ ವೈರು ಸಿಕ್ಕಿಸಿಯೂ ಚಾರ್ಜ್ ಮಾಡಬಹುದಿತ್ತು, ಮೊಬೈಲ್ ಇಡುವಂಥ ವೈರ್‌ಲೆಸ್ ಪ್ಯಾಡಿನ ಮೇಲೆ ಇಟ್ಟೂ ಮಾಡಬಹುದಿತ್ತು. ಮೂರು ವರ್ಷ ಅಕ್ಕ ವೈರನ್ನೇ ನಂಬಿಕೊಂಡಳು. ಕಿಟಕಿಯ ಕೆಲಸಕ್ಕೆ ಒಂದು ದಿನವೂ ಕುಂದು ಬರಲಿಲ್ಲ. ಸಾಯಂಕಾಲ ಮನೆಗೆ ಬಂದು, ಆವತ್ತು ಯಾರು ಯಾವ ಬಸ್ಸು ತಪ್ಪಿಸಿಕೊಂಡರು, ಯಾರು ಮದುವೆಯ ಸೂಟ್‌ಕೇಸನ್ನೇ ಪ್ಲಾಟ್‌ಫಾರಮ್ಮಿನಲ್ಲಿ ಮರೆತರು ಎಂದು ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು. ಗಂಡ ಪೇಪರಿನ ಹಿಂದಿನಿಂದ ಹೂಂಗುಟ್ಟುತ್ತಿದ್ದ. ಅವನು ಕೇಳುತ್ತಿದ್ದಾನೆ ಎಂದು ಅವಳು ನಂಬಿದ್ದಳು. ಹೆಂಡಂದಿರು ನಂಬುವುದೇ ಹೀಗೆ.

ಡಬ್ಬಿಗೆ ವೈರು ಸಿಕ್ಕಿಸುವ ಜಾಗ ಸಡಿಲವಾದಾಗ ಗಂಡ ತಾನಾಗಿಯೇ ಪೇಟೆಗೆ ಹೋಗಿ ಒಂದು ಪ್ಯಾಡ್ ತಂದ. ಜೊತೆಗೆ ಡಬ್ಬಿಗೊಂದು ದಪ್ಪ ಕವರು. ನೀಲಿ ಬಣ್ಣದ್ದು, ಮುಟ್ಟಿದರೆ ಮೆತ್ತಗೆ. ಅದರ ವಿಶೇಷವೆಂದರೆ ಅಡುಗೆಮನೆಯ ಬೀರುವಿನ ಬಾಗಿಲಿಗೆ ಹಾಕಿದ ಆಯಸ್ಕಾಂತಕ್ಕೆ ಡಬ್ಬಿ ಗಪ್ಪನೆ ಕಚ್ಚಿಕೊಳ್ಳುತ್ತಿತ್ತು.

"ಎಲ್ಲಿಟ್ಟೆ ಅಂತ ದಿನಾ ಹುಡುಕೋದು ತಪ್ತು. ಕಳೆಯಲ್ಲ, ಬೀಳಲ್ಲ," ಎಂದ.

ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಕೇಳದೆ ತಂದುಕೊಟ್ಟದ್ದು ಅದೊಂದೇ. ಅಕ್ಕ ಆ ಕವರನ್ನು ನಾಕು ಜನಕ್ಕೆ ತೋರಿಸಿಕೊಂಡು ಬಂದಳು.

ಮಲಗುವ ಕೋಣೆಯಲ್ಲಿ ಗಂಡನ ಕಡೆಯ ಮೇಜಿನ ಮೇಲೆ ಪ್ಯಾಡು ಕೂತಿತು. ಅದರ ಅಂಚಿನಲ್ಲೊಂದು ಪುಟ್ಟ ದೀಪ. ಡಬ್ಬಿ ಇಟ್ಟ ಸ್ವಲ್ಪ ಹೊತ್ತಿಗೆ ಅದು ಕೆಂಪಗೆ ಮಿಣುಕತೊಡಗುತ್ತಿತ್ತು. ಹಸಿರಾಗುವುದು, ಮತ್ತೆ ಕೆಂಪು, ಮತ್ತೆ ಮಿಣುಕು. ಗಂಡನಿಗೆ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಎದ್ದು ಹೋಗಿ ಕರಿ ಟೇಪಿನ ಚೂರು ಹರಿದು ದೀಪದ ಮೇಲೆ ಅಂಟಿಸಿದ. ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ಊರಿನ ಮನೆಮನೆಯ ಮೀಟರು ಓದಿದವನಿಗೆ ತನ್ನ ತಲೆದಿಂಬಿನ ಪಕ್ಕದ ದೀಪ ಏನು ಹೇಳುತ್ತಿದೆ ಎಂದು ಓದುವ ವ್ಯವಧಾನ ಇರಲಿಲ್ಲ.

ಅಲ್ಲಿಂದಾಚೆಗೆ ಅಕ್ಕನ ಕಿವಿ ಮಧ್ಯಾಹ್ನಕ್ಕೇ ಮುಚ್ಚತೊಡಗಿತು. ಊಟದ ಹೊತ್ತಿಗೆ ಮಷೀನು ಟಿಂವ್ ಟಿಂವ್ ಎಂದು ಎಚ್ಚರಿಸಿ, ಇನ್ನರ್ಧ ಗಂಟೆಯಲ್ಲಿ ಸತ್ತುಹೋಗುತ್ತಿತ್ತು. ಚಾರ್ಜ್ ಆಗಿಲ್ಲವೇನೋ ಎಂದು ಅವಳು ಗಂಡನನ್ನು ಕೇಳದೆ ಇರಲಿಲ್ಲ.

"ರಾತ್ರಿಯೆಲ್ಲ ಪ್ಯಾಡ್ ಮೇಲೇ ಇತ್ತಲ್ಲೇ. ಬೆಳಿಗ್ಗೆ ನಾನೇ ಮುಟ್ಟಿ ನೋಡಿದೀನಿ, ಬೆಚ್ಚಗಿತ್ತು," ಎನ್ನುತ್ತಿದ್ದ ಗಂಡ.

ಬೆಚ್ಚಗಿದ್ದದ್ದು ನಿಜ. ಅವಳೂ ಮುಟ್ಟಿ ನೋಡಿದ್ದಳು. ಬಿಸಿಯಾಗಿದೆ ಎಂದರೆ ಹೊಟ್ಟೆ ತುಂಬಿದೆ ಎಂದು ಇಬ್ಬರೂ ತಿಳಿದರು. ಡಬ್ಬಿಯ ಮುಂದೆ ಚಾರ್ಜ್ ಎಷ್ಟಿದೆ ಎಂದು ತೋರಿಸುವ ಸಣ್ಣ ದೀಪವಿತ್ತು. ಅದನ್ನು ನೀಲಿ ಕವರು ಮುಚ್ಚಿಕೊಂಡಿತ್ತು. ಹಾಗಾದರೆ ಮಷೀನು ಮುಪ್ಪಾಗಿರಬೇಕು, ಇಲ್ಲವೇ ಕಿವಿಯೇ ಪೂರ್ತಿ ಹೋಗುತ್ತಿರಬೇಕು. ಶ್ರವಣ ಕೇಂದ್ರಕ್ಕೆ ಹೋಗಿ ತೋರಿಸಬಹುದಿತ್ತು. ಹೋಗಲಿಲ್ಲ. ಅಲ್ಲಿ ಪರೀಕ್ಷೆ ಮಾಡಿ, ಇನ್ನು ಆಗುವುದಿಲ್ಲ ಎಂದು ಬರೆದುಕೊಟ್ಟರೆ ಕಿಟಕಿ ಕೈಬಿಟ್ಟು ಹೋಗುತ್ತದೆ. ಆ ಹೆದರಿಕೆಯನ್ನು ಅಕ್ಕ ನಾಲ್ಕು ತಿಂಗಳು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದಳು. ಮಧ್ಯಾಹ್ನದ ಮೇಲೆ ಜನರ ತುಟಿ ನೋಡಿ ಉತ್ತರ ಕೊಟ್ಟಳು. ನಗುತ್ತಾ ಚೀಟಿ ಮುಂದೆ ತಳ್ಳಿ, "ಬರ್ದುಬಿಡಿ, ಗಲಾಟೆ ಜಾಸ್ತಿ," ಎನ್ನುತ್ತಿದ್ದಳು.

ಮನೆಯಲ್ಲಿ ಸಾಯಂಕಾಲದ ವರದಿ ನಿಂತುಹೋಯಿತು. ಗಂಡನ ಉತ್ತರ ಕೇಳಿಸದ ಮೇಲೆ ಹೇಳುವುದೇನು. ಊಟಕ್ಕೆ ಬಾಯಿಯ ಬಳಿ ಕೈ, ನೀರಿಗೆ ಹೆಬ್ಬೆರಳು, ಮಲಗಲು ಕೆನ್ನೆಗೆ ಅಂಗೈ. ಅಷ್ಟರಲ್ಲೇ ಸಂಸಾರ ನಡೆಯಿತು. ಕೂಗಿ ಹೇಳಿ ತನಗೆ ನೋವು ಮಾಡಬಾರದೆಂದು ಗಂಡ ಸುಮ್ಮನಿದ್ದಾನೆ ಎಂದುಕೊಂಡು ಅವಳು ಒಳಗೊಳಗೇ ಕೃತಜ್ಞಳಾಗಿದ್ದಳು.

ಕಡೆಗೂ ಆಗಬಾರದ್ದು ಆಯಿತು. ಒಂದು ಮಧ್ಯಾಹ್ನ ಎರಡು ನಲವತ್ತರ ದೂರದ ಬಸ್ಸು ಕೆಟ್ಟುನಿಂತಿತು. ಬದಲಿ ಬಸ್ಸು ಒಂಬತ್ತನೆಯ ಪ್ಲಾಟ್‌ಫಾರಮ್ಮಿನಿಂದ ಹೊರಡುತ್ತದೆಂದು ಡಿಪೋದವರು ಕಿಟಕಿಗೆ ಫೋನು ಮಾಡಿದರು. ಆರು ಸಲ ಮಾಡಿದರು. ಫೋನು ಅಕ್ಕನ ಮೊಣಕೈ ಪಕ್ಕದಲ್ಲೇ ಬಡಿದುಕೊಂಡಿತು. ಅವಳು ತಲೆ ತಗ್ಗಿಸಿಕೊಂಡು ಪಾಸಿನ ಅರ್ಜಿಗಳನ್ನು ಜೋಡಿಸುತ್ತಿದ್ದಳು. ಹತ್ತೊಂಬತ್ತು ಜನ ನಾಲ್ಕನೆಯ ಪ್ಲಾಟ್‌ಫಾರಮ್ಮಿನಲ್ಲಿ ಕಾದು ಕಾದು ಉಳಿದರು. ಬಸ್ಸು ಖಾಲಿ ಸೀಟು ಹೊತ್ತು ಹೋಯಿತು. ಆ ಜನರಲ್ಲಿ ಒಬ್ಬಾಕೆ, ಮಗಳ ಆಪರೇಷನ್ನಿಗೆ ರಕ್ತ ಕೊಡಲು ಹೊರಟವಳು, ಕಿಟಕಿಯ ಗಾಜಿಗೆ ಎರಡೂ ಕೈ ಒತ್ತಿ ಏನೋ ಹೇಳುತ್ತಲೇ ಇದ್ದಳು. ಅಕ್ಕನಿಗೆ ಅವಳ ಬಾಯಿ ಮಾತ್ರ ಕಂಡಿತು.

ಮಾರನೆಯ ದಿನ ನಿಲ್ದಾಣಾಧಿಕಾರಿ ಆದೇಶ ಕೊಟ್ಟ. ಪಾರ್ಸೆಲ್ ಕೋಣೆಗೆ ವರ್ಗ, ಎಂಟು ದಿನದೊಳಗೆ ಕಿವಿ ಪರೀಕ್ಷೆಯ ವರದಿ ತರಬೇಕು. ಅವನು ದುಷ್ಟನೇನಲ್ಲ, ಮುಖ ನೋಡಿ ಹೇಳುವ ಧೈರ್ಯವಿಲ್ಲದವನು. ಕಾಗದವನ್ನು ಮೇಜಿನ ಮೇಲೆ ಜಾರಿಸಿ ಎದ್ದುಹೋದ.

ಹೀಗೆ ಅಕ್ಕ ಶ್ರವಣ ಕೇಂದ್ರದ ಮೆಟ್ಟಿಲು ಹತ್ತಿದಳು. ಅಲ್ಲಿ ಮಷೀನು ನೋಡಿಕೊಳ್ಳುವ ಹುಡುಗಿ ಹೆಡ್‌ಫೋನು ಹಾಕಿಸಿ ಪರೀಕ್ಷೆ ಮಾಡಿದಳು. ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಅಕ್ಕನಿಗೆ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಬರೆದಳು: ಮೂರು ವರ್ಷದ ಹಿಂದೆ ಎಷ್ಟು ಕೇಳಿಸುತ್ತಿತ್ತೋ ಈಗಲೂ ಅಷ್ಟೇ. ಕಿವಿ ಒಂಚೂರೂ ಕೆಟ್ಟಿಲ್ಲ.

ಅಕ್ಕ ಆ ಸಾಲನ್ನು ಮೂರು ಸಲ ಓದಿದಳು.

ಹುಡುಗಿ ಮಷೀನುಗಳನ್ನು ಕೇಂದ್ರದ ಬೇರೆ ಚಾರ್ಜರಿಗೆ ಹಾಕಿ ಮೂರು ಗಂಟೆ ಕೂರಿಸಿದಳು. ಮಷೀನುಗಳ ಬ್ಯಾಟರಿಯೂ ಗಟ್ಟಿಯಾಗಿತ್ತು. ಅವನ್ನು ಕಿವಿಗೇರಿಸಿದ ಮೇಲೆ, "ಅಮ್ಮಾ, ಆ ಡಬ್ಬಿ ಕೊಡಿ," ಎಂದಳು. ನೀಲಿ ಕವರಿನ ಸಮೇತ ತನ್ನ ಪ್ಯಾಡಿನ ಮೇಲಿಟ್ಟಳು. ದೀಪ ಹಸಿರಾಯಿತು, ಸ್ವಲ್ಪ ಹೊತ್ತಿಗೆ ಕೆಂಪಗೆ ಮಿಣುಕಿತು. ಕವರು ಕಿತ್ತು ಬರಿ ಡಬ್ಬಿ ಇಟ್ಟಳು. ಹಸಿರು ಅಲ್ಲಾಡದೆ ನಿಂತಿತು.

"ಇದರೊಳಗೆ ಏನಿದೆ ಗೊತ್ತಾ?" ಎಂದು ಕವರಿನ ತಳವನ್ನು ಬಿಡಿಸಿ ತೋರಿಸಿದಳು. ಮೆತ್ತನೆಯ ಪದರದ ನಡುವೆ ರೂಪಾಯಿಯಗಲದ ಒಂದು ಉಕ್ಕಿನ ತಗಡು. ಬೀರುವಿನ ಆಯಸ್ಕಾಂತಕ್ಕೆ ಕಚ್ಚಿಕೊಳ್ಳುತ್ತಿದ್ದದ್ದು ಅದೇ.

"ಪ್ಯಾಡಿನೊಳಗೆ ತಾಮ್ರದ ಸುರುಳಿ ಇರುತ್ತೆ, ಡಬ್ಬಿ ತಳದಲ್ಲೂ ಒಂದು ಇರುತ್ತೆ. ಎರಡೂ ಎದುರಾಬದುರಾ, ಹತ್ತಿರ ಇದ್ರೆ ಚಾರ್ಜ್ ದಾಟುತ್ತೆ. ಕವರು ದಪ್ಪ ಆದ್ರೆ, ಇಲ್ಲ ಡಬ್ಬಿ ಪಕ್ಕಕ್ಕೆ ಸರಿದ್ರೆ ನಿಧಾನ ಆಗುತ್ತೆ. ಮಧ್ಯ ಲೋಹ ಸಿಕ್ರೆ ಡಬ್ಬಿಗೆ ಹೋಗಬೇಕಾದ್ದು ಆ ತಗಡನ್ನ ಕಾಯಿಸುತ್ತೆ. ಪ್ಯಾಡಿಗೆ ಅದು ಗೊತ್ತಾಗಿ ನಿಲ್ಲಿಸಿಬಿಡುತ್ತೆ. ನಿಮ್ಮದು ಆಮೇಲೆ ಮತ್ತೆ ಶುರು ಮಾಡ್ತಿತ್ತೇನೋ, ಅದಕ್ಕೇ ಅಷ್ಟೋ ಇಷ್ಟೋ ಚಾರ್ಜ್ ಹತ್ತಿದೆ."

"ಬೆಳಿಗ್ಗೆ ಬೆಚ್ಚಗಿರ್ತಿತ್ತಲ್ಲಮ್ಮ," ಎಂದಳು ಅಕ್ಕ.

"ಬೆಚ್ಚಗಾಗಿದ್ದು ತಗಡು. ನಿಮ್ಮ ಪ್ಯಾಡಲ್ಲೂ ದೀಪ ಮಿಣುಕಿರಬೇಕಲ್ಲ, ನೋಡ್ಲಿಲ್ವಾ?"

ಕರಿ ಟೇಪಿನ ಚೂರು ಅಕ್ಕನ ಕಣ್ಣಮುಂದೆ ಬಂದು ನಿಂತಿತು. ನಾಲ್ಕು ತಿಂಗಳು ಆ ದೀಪ ಟೇಪಿನ ಕೆಳಗೆ ಬಾಯಿ ಬಡಿದುಕೊಂಡಿತ್ತು. ಒಂದು ತಗಡು, ಒಂದು ಟೇಪು. ಇಪ್ಪತ್ತೇಳು ವರ್ಷದ ಕುರ್ಚಿ ಹೋಗಲು ಅಷ್ಟೇ ಸಾಕಾಯಿತು.

ವರದಿ ಹಿಡಿದು ನೇರ ನಿಲ್ದಾಣಾಧಿಕಾರಿಯ ಹತ್ತಿರ ಹೋದಳು. ಅವನು ಓದಿದ, ಕಾಗದ ಮಡಚಿದ.

"ಸಂತೋಷ ಅಕ್ಕ. ಆದ್ರೆ ಕಿಟಕಿಗೆ ಬೇರೆಯವರನ್ನ ಹಾಕಿ ಆಯ್ತು. ಆವತ್ತಿನ ದೂರು ಮೇಲಿನವರೆಗೂ ಹೋಗಿದೆ. ಕವರಿಂದ ಹೀಗಾಯ್ತು ಅಂತ ನಾನು ಬರೆದ್ರೆ ನಗ್ತಾರೆ."

ಹೊರಗೆ ಬರುವಾಗ ಅವಳ ಕುರ್ಚಿಯಲ್ಲಿ ಕೂತ ಹೊಸಬಳು ಯಾರಿಗೋ, "ಐದೂವರೆ ಸುಮಾರಿಗೆ ಬರ್ಬೋದು," ಎನ್ನುತ್ತಿದ್ದಳು. ಅದು ಐದು ಮೂವತ್ನಾಲ್ಕರ ಬಸ್ಸು. ಅಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು. ತಿದ್ದುವ ಹಕ್ಕು ಇರಲಿಲ್ಲ.

ಅದೇ ಬಸ್ಸಿನಲ್ಲಿ ಕೂತು ಮನೆಗೆ ಹೊರಟಳು. ದಾರಿಯುದ್ದಕ್ಕೂ ಅವಳ ಚಿಂತೆ ಒಂದೇ: ಗಂಡನಿಗೆ ಹೇಗೆ ಹೇಳುವುದು. ಪ್ರೀತಿಯಿಂದ ತಂದದ್ದು. ನಿಮ್ಮ ಕವರಿನಿಂದಲೇ ನನ್ನ ಕಿಟಕಿ ಹೋಯಿತು ಎಂದರೆ ಮನುಷ್ಯ ಕುಸಿದುಹೋಗುತ್ತಾನೆ. ಕವರು ಹರಿದುಹೋಯಿತು ಎಂದುಬಿಡೋಣವೇ, ದೀಪದ ಮಾತು ಎತ್ತದೇ ಇರೋಣವೇ ಎಂದು ನಾಲ್ಕಾರು ಸುಳ್ಳುಗಳನ್ನು ಹೆಣೆದು ಬಿಚ್ಚಿದಳು. ಅವನನ್ನು ನೋಯಿಸದಂತೆ ಹೇಳುವ ಸುಳ್ಳು ಸಿಕ್ಕಿದ್ದು ಮನೆಯ ಬಾಗಿಲಲ್ಲಿ.

ಬಾಗಿಲು ತೆರೆದೇ ಇತ್ತು. ಗಂಡ ನಡುಮನೆಯ ಕುರ್ಚಿಯಲ್ಲಿ ಕೂತು ಅಕ್ಕನ ಜೊತೆ, ಎಂದರೆ ತನ್ನ ಸ್ವಂತ ಅಕ್ಕನ ಜೊತೆ, ಫೋನಿನಲ್ಲಿ ಮಾತಾಡುತ್ತಿದ್ದ. ಹೆಂಡತಿ ಒಳಗೆ ಬಂದದ್ದನ್ನು ನೋಡಿದ, ತಲೆಯಾಡಿಸಿದ, ದನಿ ತಗ್ಗಿಸದೆ ಮುಂದುವರಿಸಿದ.

"ಬಂದ್ಲು ಈಗ. ಪರವಾಗಿಲ್ಲ ಹೇಳಕ್ಕ, ಈ ಹೊತ್ತಲ್ಲಿ ಅವಳಿಗೆ ಏನೂ ಕೇಳಿಸಲ್ಲ. ನಿಜ ಹೇಳ್ಲಾ, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ವರ್ಷಗಟ್ಟಲೆ ಆ ಬಸ್ಸು ಬಂತು ಈ ಬಸ್ಸು ಹೋಯ್ತು ಅಂತ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಈ ನಾಕು ತಿಂಗಳು ಮನೆ ತಣ್ಣಗಿದೆ. ಕೆಲಸದ್ದೇನು, ಪಾರ್ಸೆಲ್ ಕೋಣೇಲೂ ಸಂಬಳ ಅಷ್ಟೇ ಕೊಡ್ತಾರೆ."

ಅಕ್ಕ ನಿಂತಲ್ಲೇ ನಿಂತಳು. ಬಾಗಿಲಲ್ಲಿ ಸಿಕ್ಕಿದ್ದ ಸುಳ್ಳು ನಾಲಗೆಯ ತುದಿಯಲ್ಲೇ ಒಣಗಿತು. ಫೋನಿನಾಚೆಗಿನ ನಗು ಕೂಡ ಅವಳಿಗೆ ಕೇಳಿಸುತ್ತಿತ್ತು. ಮಷೀನು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅವಳು ಕೋಣೆಗೆ ಹೋದಳು. ಪ್ಯಾಡಿನ ಟೇಪು ಉಗುರಿನಿಂದ ಕಿತ್ತಳು, ಬರಿ ಡಬ್ಬಿಯನ್ನು ಅದರ ನಟ್ಟನಡುವೆ ಇಟ್ಟಳು. ಹಸಿರು ಬಂತು, ನಿಂತಿತು. ಅವಳು ಅದನ್ನು ನೋಡುತ್ತಾ ಮಂಚದ ಅಂಚಿನಲ್ಲಿ ಕೂತು ಸದ್ದಿಲ್ಲದೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದಳು.

ಗಂಡ ಫೋನು ಇಟ್ಟಿದ್ದ. ಅವಳನ್ನು ಕಂಡು ಅಭ್ಯಾಸದಂತೆ ಬಾಯಿಯ ಬಳಿ ಕೈ ಒಯ್ದು, ಊಟವೇ ಎಂಬಂತೆ ಹುಬ್ಬು ಹಾರಿಸಿದ.

"ಬಾಯಲ್ಲೇ ಕೇಳಿ," ಎಂದಳು ಅಕ್ಕ. ನೀಲಿ ಕವರನ್ನೂ ಅದರೊಳಗಿನ ತಗಡನ್ನೂ ಟೇಪಿನ ಚೂರನ್ನೂ ಅವನ ಮುಂದಿನ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು.

ಗಂಡ ಅವುಗಳನ್ನು ನೋಡಿದ. ಆಮೇಲೆ ಅವಳ ಕಿವಿಯ ಕಡೆ ನೋಡಿದ. ಮುಖದ ಬಣ್ಣ ಇಳಿಯಿತು.

"ನಿಂಗೆ... ಕೇಳಿಸ್ತಿದ್ಯಾ? ಯಾವಾಗಿಂದ?"

ಅಕ್ಕ ಗೋಡೆಯ ಗಡಿಯಾರದ ಕಡೆ ತಿರುಗಿಯೂ ನೋಡಲಿಲ್ಲ.

"ಆರು ಇಪ್ಪತ್ತೆರಡಕ್ಕೆ ಒಳಗೆ ಬಂದೆ," ಎಂದಳು. "ಆಗಿಂದ ಎಲ್ಲಾ."