ಅವಾರ್ಡಿನಲ್ಲಿ ನಾನು ಗೆರೆ ಎಳೆದ ಸಾಲು

ಹುಣಸೂರಿನ ವಕೀಲರೊಬ್ಬರ ಆಫೀಸಿನಲ್ಲಿ ಜೂನಿಯರ್ ಆಗಿದ್ದಾಗ, ಎಂಬತ್ತು ಪುಟದ ಇಂಗ್ಲಿಷ್ ಅವಾರ್ಡೊಂದನ್ನು, ಅಂದರೆ ಆರ್ಬಿಟ್ರೇಟರ ತೀರ್ಪನ್ನು, ಕನ್ನಡದ ಎರಡು ಪುಟಕ್ಕೆ ಇಳಿಸಿದ್ದೆ. ಅದರಲ್ಲಿ ಹುಡುಕಿದರೂ ಒಂದು ಸುಳ್ಳು ಸಿಗುತ್ತಿರಲಿಲ್ಲ. ಒಂದು ವಾಕ್ಯವನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೆ.

ಕಕ್ಷಿದಾರರು ಹಂಪಾಪುರದ ಕಡೆಯ ಕಂಟ್ರಾಕ್ಟರು. ರಾವಂದೂರಿನ ಹತ್ತಿರ ಖಾಸಗಿ ಕಂಪನಿಯೊಂದಕ್ಕೆ ಗೋಡೌನ್ ಕಟ್ಟಿಕೊಟ್ಟಿದ್ದರು. ಅವರ ಸ್ವಂತ ತಮ್ಮನೇ ಸೈಟಿನ ಮೇಸ್ತ್ರಿ; ಮುಂದೆ ವಿಚಾರಣೆಯಲ್ಲಿ ನಮ್ಮ ಎರಡನೇ ಸಾಕ್ಷಿಯೂ ಅವನೇ. ಕಂಪನಿ ಕೊನೆಯ ಬಿಲ್ಲು ತಡೆಹಿಡಿಯಿತು. ಕರಾರಿನಲ್ಲಿ, ತಕರಾರು ಬಂದರೆ ಮಧ್ಯಸ್ಥರೇ ತೀರ್ಮಾನಿಸಬೇಕೆಂಬ ಆರ್ಬಿಟ್ರೇಷನ್ ಷರತ್ತು ಇದ್ದುದರಿಂದ ವಿಚಾರಣೆ ಕೋರ್ಟಿನ ಬದಲು ಮೈಸೂರಿನಲ್ಲಿ, ಆರ್ಬಿಟ್ರೇಟರ್ ಆಗಿದ್ದ ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ ನಡೆಯಿತು.

ಸಾಕ್ಷಿಗಳ ವಿಚಾರಣೆಗೆ ಮುಂಚೆ ಕಂಪನಿ, ಇಪ್ಪತ್ತೈದು ಲಕ್ಷಕ್ಕೆ ರಾಜಿಯಾಗೋಣ ಎಂದು ಪತ್ರ ಕಳಿಸಿತು. ಕಕ್ಷಿದಾರರನ್ನು ಕೇಳಿ ಉತ್ತರ ತಯಾರು ಮಾಡು ಎಂದರು ಸೀನಿಯರ್. ಹಿಂದಿನ ದಿನವಷ್ಟೇ ಆ ಕಂಟ್ರಾಕ್ಟರು ಯಾವುದೋ ಟೈಪಿಂಗ್ ತಪ್ಪಿಗೆ ಆಫೀಸಿನವರೆಲ್ಲರ ಎದುರು ನನ್ನ ಮಾನ ಕಳೆದಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಫೋನ್ ಮಾಡಲಿಲ್ಲ. ಹೇಗಿದ್ದರೂ ಒಪ್ಪುವ ಆಸಾಮಿಯಲ್ಲ ಎಂದುಕೊಂಡು, ಫೈಲಿನಲ್ಲಿ ‘ಕಕ್ಷಿದಾರರು ಒಪ್ಪಲಿಲ್ಲ’ ಎಂದು ಬರೆದೆ. ಬೇಡವೆಂಬ ಪತ್ರವನ್ನು ಟೈಪ್ ಮಾಡಿ ಸೀನಿಯರ್ ಸಹಿಗೆ ಇಟ್ಟೆ.

ಅವಾರ್ಡ್ ಬಂದ ಮೇಲೆ ಸಾರಾಂಶದ ಕೆಲಸ ನನ್ನ ಪಾಲಿಗೇ ಬಿತ್ತು. ನಮ್ಮ ಕ್ಲೇಮು ನಲವತ್ತೆರಡು ಲಕ್ಷ: ಕೊನೆಯ ಬಿಲ್ಲು ಮೂವತ್ತು, ಠೇವಣಿ ಐದು, ಕೆಲಸವಿಲ್ಲದೆ ಕೂತ ಆಳುಗಳ ಕೂಲಿ ಏಳು. ನೆಲ ಕುಸಿದಿದೆ, ಕೆಲಸ ತಡವಾಗಿದೆ ಎಂದು ಕಂಪನಿ ಹಾಕಿದ್ದ ಕೌಂಟರ್ ಕ್ಲೇಮು ಮೂವತ್ತೆರಡು. ಅಳತೆ ನೋಡಿದ ಆರ್ಬಿಟ್ರೇಟರು ಬಿಲ್ಲಿಗೆ ಇಪ್ಪತ್ತೆರಡು ಒಪ್ಪಿದರು, ಠೇವಣಿ ಪೂರ್ತಿ ಕೊಡಿಸಿದರು. ಕೂಲಿಗೆ ದಾಖಲೆಯಿಲ್ಲವೆಂದು ತಳ್ಳಿಹಾಕಿದರು. ಕಂಪನಿಯೇ ನಕ್ಷೆ ತಡವಾಗಿ ಕೊಟ್ಟಿದ್ದರಿಂದ ತಡದ ಪರಿಹಾರ ಅದಕ್ಕೆ ಸಿಗಲಿಲ್ಲ. ನೆಲದ ರಿಪೇರಿಗೆ ಕೇಳಿದ್ದ ಇಪ್ಪತ್ನಾಲ್ಕರಲ್ಲಿ ಒಂಬತ್ತು ಸಿಕ್ಕಿತು. ಅದನ್ನು ಕಳೆದರೆ ನಮಗೆ ಹದಿನೆಂಟು ಲಕ್ಷ ಮತ್ತು ಬಡ್ಡಿ.

ಕೊನೆಯದು ಕೇಸಿನ ಖರ್ಚು. ಬಡ್ಡಿ ಸೇರಿಸಿದರೂ ಈ ಮೊತ್ತಕ್ಕಿಂತ ಹೆಚ್ಚಿನ ರಾಜಿಯನ್ನು ಕ್ಲೇಮುದಾರರು ಸರಿಯಾದ ಕಾರಣವಿಲ್ಲದೆ ನಿರಾಕರಿಸಿದ್ದಾರೆ, ಆದ್ದರಿಂದ ಆ ಪತ್ರದ ನಂತರ ಕಂಪನಿಗಾದ ಆರು ಲಕ್ಷ ಖರ್ಚನ್ನು ಅವರೇ ಕೊಡಬೇಕು ಎಂದಿತ್ತು ಅವಾರ್ಡ್. ನಾನು ಆರು ಲಕ್ಷವನ್ನು ಬರೆದೆ, ಕಾರಣ ಬರೆಯಲಿಲ್ಲ.

ಸೀನಿಯರ್ ಮೈಸೂರಿಗೆ ಹೋಗಿದ್ದ ದಿನವೇ ಅಣ್ಣತಮ್ಮಂದಿರನ್ನು ಕರೆಸಿ ಓದಿ ಹೇಳಿದೆ. ಓದಿ ಮುಗಿಸಿದ ಮೇಲೆ ಅಣ್ಣ ಕೇಳಿದರು: “ಗೆದ್ದೋರು ನಾವು ಅಂತೀರ. ಮತ್ತೆ ಅವ್ರ ಕರ್ಚು ನಾನ್ಯಾಕ್ರೀ ಕಟ್ಲಿ?”

ಪಕ್ಕದಲ್ಲಿ ತಮ್ಮ ಕೈಕಟ್ಟಿ ಕೂತಿದ್ದ. ಆ ಹೊತ್ತಿಗೆ ಕೈಗೆ ಸಿಕ್ಕವನು ಅವನು.

“ನಿಮ್ಮ ತಮ್ಮ ಪಾಟೀಸವಾಲಿನಲ್ಲಿ ನೆಲ ಕುಸಿದಿದೆ ಅಂತ ಒಪ್ಪಿಕೊಂಡರಲ್ಲ, ಅದಕ್ಕೆ,” ಎಂದೆ.

ಅಣ್ಣ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ನಾಳೆಯಿಂದ ಸೈಟಿಗೆ ಬರಬೇಡ ಎಂದಷ್ಟೇ ಹೇಳಿ ಎದ್ದು ಹೋದರು. ಇಪ್ಪತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ನನಗೆ ಆಗ ಆದದ್ದು ಸಂಕಟವಲ್ಲ, ನಿರಾಳ. ಇದನ್ನು ಹೇಳಲು ಇವತ್ತು ನಾಚಿಕೆಯಾಗುತ್ತದೆ.

ತಿಂಗಳಾದ ಮೇಲೆ ತಮ್ಮ ಒಬ್ಬನೇ ಬಂದ. ಅವಾರ್ಡಿನ ಜೆರಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿದ್ದ. ಅಣ್ಣ ಮಾತಾಡುತ್ತಿಲ್ಲವಂತೆ, ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರಂತೆ. ಇಂಗ್ಲಿಷ್ ಅವನಿಗೆ ಒಂದಕ್ಷರವೂ ಬಾರದು.

“ಇದ್ರಲ್ಲಿ ನನ್ ಇಸ್ಯ ಎಲ್ಲೈತೆ, ಒಂಚೂರು ತೋರ್ಸಿ ಸಾ,” ಎಂದ.

ಅವನ ವಿಷಯ ಇದ್ದದ್ದು ಒಂದೇ ಕಡೆ. ಕ್ಲೇಮುದಾರರ ಎರಡನೇ ಸಾಕ್ಷಿ ಒಂದು ಮೂಲೆ ಮಾತ್ರ ಕುಸಿದಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅವರ ಮಾತು ನಂಬಲರ್ಹ. ಆದ್ದರಿಂದ ಇಡೀ ನೆಲದ ಖರ್ಚನ್ನು ಕಂಪನಿಗೆ ಕೊಡಿಸಲಾಗದು ಎಂದು ಆರ್ಬಿಟ್ರೇಟರು ಬರೆದಿದ್ದರು. ಅಣ್ಣನಿಗೆ ಹದಿನೈದು ಲಕ್ಷ ಉಳಿಸಿದವನು ಇವನೇ.

ಆ ಸಾಲಿನ ಮೇಲೆ ಬೆರಳಿಟ್ಟು, “ಇಲ್ಲಿ,” ಎಂದೆ. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅವನು ಮುಖ ನೋಡುತ್ತಲೇ ಇದ್ದ. “ನಿಮ್ಮ ಮಾತಿನಿಂದಲೇ ಹೀಗಾಯ್ತು ಅಂತ ಇದೆ,” ಎಂದೆ.

ಗುರುತಿಗೆ ಗೆರೆ ಎಳೆದುಕೊಡಿ ಎಂದ. ಸ್ಕೇಲ್ ಇಟ್ಟು ನೆಟ್ಟಗೆ ಎಳೆದುಕೊಟ್ಟೆ.

ಆ ಸಾಲನ್ನು ಅವನು ಬೆರಳಿನಿಂದ ಒಮ್ಮೆ ಸವರಿದ. “ಸುಮ್ಕೆ ಅಣ್ಣನ್ ಮೇಲೆ ಸಿಟ್ ಮಾಡ್ಕಂಡಿದ್ದೆ. ದೊಡ್ ಜಡ್ಜೇ ತಪ್ಪು ನಂದು ಅಂತ ಬರ್ದವ್ರಲ್ಲ, ಇನ್ನೇನ್ ಜಗ್ಳ ಆಡಾದು ಬುಡಿ. ಇದ್ನೇ ತೋರ್ಸಿ ಕಾಲ್ ಇಡ್ಕೋತೀನಿ.”

ಹಾಳೆಯನ್ನು ಕವರಿನೊಳಗೆ ಇಟ್ಟುಕೊಂಡು, ಎಷ್ಟಾಯಿತು ಎಂದು ಕೇಳಿದ. ನಾನು ಬೇಡವೆಂದೆ. ದೇವರು ಚೆನ್ನಾಗಿಟ್ಟಿರಲಿ ಎಂದು ಕೈಮುಗಿದು ಹೊರಟುಹೋದ.